ಯಾರ ನಾಲ್ಕು, ಯಾರ ಮೂರು: ರೇಟಿಂಗ್ ಹೊಂದಿಸುವ ಸಭೆಯ ಒಳಗೆ

(ಕೋಲಾರದಲ್ಲಿ ಕಾರ್ಖಾನೆಗಳ ವಿಭಾಗ ಮುಖ್ಯಸ್ಥರು ಮತ್ತು ಎಚ್‌ಆರ್ ಸಿಬ್ಬಂದಿಯ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಹೆಚ್ಚಿನವರು ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಿಂದ ಬಂದಿದ್ದೀರಿ. ಅಪ್ರೈಸಲ್ ಎಂದರೇನು, ಅದರ ನಮೂನೆ ಹೇಗಿರುತ್ತದೆ ಎಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ನಾನು ಮಾತನಾಡಬೇಕೆಂದಿರುವುದು ಅದರ ಮಧ್ಯದ ಒಂದು ಹಂತದ ಬಗ್ಗೆ ಮಾತ್ರ. ಮ್ಯಾನೇಜರುಗಳು ತಮ್ಮ ತಮ್ಮ ತಂಡಕ್ಕೆ ಅಂಕ ಕೊಟ್ಟಾಗಿದೆ, ಇನ್‌ಕ್ರಿಮೆಂಟ್ ಪತ್ರ ಇನ್ನೂ ಹೊರಟಿಲ್ಲ. ಈ ನಡುವೆ ಎಲ್ಲ ಮ್ಯಾನೇಜರುಗಳೂ ಒಂದು ಕೋಣೆಯಲ್ಲಿ ಕುಳಿತು ಅಂಕಗಳನ್ನು ಹೊಂದಿಸುತ್ತಾರಲ್ಲ, ಆ ಕ್ಯಾಲಿಬ್ರೇಶನ್ ಸಭೆಯ ಬಗ್ಗೆ.

ಸಭೆ ಏಕೆ ಬೇಕು ಎಂಬುದಕ್ಕೆ ಒಂದು ಲೆಕ್ಕವನ್ನೇ ನೋಡೋಣ. ಲೋಹದ ಬಿಡಿಭಾಗ ಮಾಡುವ ಒಂದು ಘಟಕ. ಹೆಸರು ಬೇಡ. ಮೂರು ವಿಭಾಗಗಳ ಮೇಲ್ವಿಚಾರಕರು ಮತ್ತು ಎಂಜಿನಿಯರುಗಳು ಸೇರಿ ಮೂವತ್ತು ಜನ. ಒಂದರಿಂದ ಐದರವರೆಗಿನ ಅಂಕ. ಪ್ರೆಸ್ ಶಾಪಿನ ಮ್ಯಾನೇಜರ್ ತಮ್ಮ 12 ಜನರಲ್ಲಿ ನಾಲ್ವರಿಗೆ ಐದು, ಏಳು ಜನರಿಗೆ ನಾಲ್ಕು, ಒಬ್ಬರಿಗೆ ಮೂರು ಕೊಟ್ಟಿದ್ದರು. ಸರಾಸರಿ 4.25. ಮೇಂಟೆನೆನ್ಸ್ ಮ್ಯಾನೇಜರ್ ತಮ್ಮ 10 ಜನರಲ್ಲಿ ಒಬ್ಬರಿಗೆ ನಾಲ್ಕು, ಏಳು ಜನರಿಗೆ ಮೂರು, ಇಬ್ಬರಿಗೆ ಎರಡು ಕೊಟ್ಟಿದ್ದರು. ಸರಾಸರಿ 2.9. ಕ್ವಾಲಿಟಿ ವಿಭಾಗದ 8 ಜನರ ಸರಾಸರಿ 3.5. ಮೂವರೂ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡುವವರು, ಒಂದೇ ನಮೂನೆ ತುಂಬಿದವರು.

ಈ ಅಂಕಿಗಳನ್ನು ಕಂಡ ತಕ್ಷಣ ನಿಮಗೆ ಏನನ್ನಿಸಿತು? ಪ್ರೆಸ್ ಶಾಪಿನವರು ಧಾರಾಳಿ, ಮೇಂಟೆನೆನ್ಸಿನವರು ಬಿಗಿ ಎಂದು ತಾನೆ? ಇರಬಹುದು. ಆದರೆ ಪ್ರೆಸ್ ಶಾಪಿನ ತಂಡ ನಿಜಕ್ಕೂ ಒಳ್ಳೆಯದಾಗಿದ್ದರೆ? ಸರಾಸರಿಯನ್ನು ನೋಡಿ ಇದನ್ನು ಹೇಳಲು ಸಾಧ್ಯವೇ ಇಲ್ಲ. ಧಾರಾಳ ಮ್ಯಾನೇಜರರ ಸಾಧಾರಣ ತಂಡಕ್ಕೂ ನ್ಯಾಯವಂತ ಮ್ಯಾನೇಜರರ ಉತ್ತಮ ತಂಡಕ್ಕೂ ಕಾಗದದ ಮೇಲೆ ಒಂದೇ ಸಂಖ್ಯೆ ಬರುತ್ತದೆ. ಹಾಗಾಗಿ ಸರಾಸರಿ ನಮಗೆ ಎಲ್ಲಿ ಪ್ರಶ್ನೆ ಕೇಳಬೇಕೆಂದು ತೋರಿಸುತ್ತದೆ, ಅಷ್ಟೇ. ಏನು ಬದಲಾಯಿಸಬೇಕೆಂಬುದು ಒಬ್ಬೊಬ್ಬರ ಕೆಲಸವನ್ನು ಬಿಡಿಬಿಡಿಯಾಗಿ ನೋಡಿದಾಗಲೇ ಗೊತ್ತಾಗುವುದು.

ಇದು ನಮ್ಮ ಕಡೆಯ ಮ್ಯಾನೇಜರುಗಳ ದೋಷವೇನಲ್ಲ. 2000ದಲ್ಲಿ ಸ್ಕಲ್ಲನ್, ಮೌಂಟ್, ಗಾಫ್ ಎಂಬ ಸಂಶೋಧಕರು ಸಾವಿರಾರು ಮ್ಯಾನೇಜರುಗಳಿಗೆ ಬಂದ ಅಂಕಗಳನ್ನು ಬಿಡಿಸಿ ನೋಡಿದರು. ಅಂಕಗಳಲ್ಲಿ ಕಂಡ ಏರುಪೇರಿನ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಕಾರಣ ಅಂಕ ಕೊಟ್ಟವರ ಸ್ವಂತ ಧೋರಣೆ. ಅಂಕ ಪಡೆದವರ ಕೆಲಸ ಅದಕ್ಕಿಂತ ಕಡಿಮೆ ಭಾಗವನ್ನಷ್ಟೇ ವಿವರಿಸುತ್ತಿತ್ತು. ಅಂದರೆ ನಿಮ್ಮ ಕೈಲಿರುವ ರೇಟಿಂಗ್ ಹಾಳೆ ನೌಕರನ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ಅವನ ಮ್ಯಾನೇಜರನ ಬಗ್ಗೆ ಹೇಳುತ್ತಿರಬಹುದು.

ಇದಕ್ಕೆ ಹಲವು ಕಂಪನಿಗಳು ಹಿಡಿದ ಸುಲಭದ ದಾರಿ ಬೆಲ್ ಕರ್ವ್. ಮೇಲಿನವರು ಇಷ್ಟು ಶೇಕಡಾ, ಕೆಳಗಿನವರು ಇಷ್ಟು ಶೇಕಡಾ ಎಂದು ಮೊದಲೇ ನಿಗದಿ ಮಾಡಿಬಿಡುವುದು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಜಾಕ್ ವೆಲ್ಚ್ 20-70-10 ಎಂಬ ಹಂಚಿಕೆಯನ್ನು ಪ್ರಸಿದ್ಧಗೊಳಿಸಿದರು. ಮೈಕ್ರೋಸಾಫ್ಟ್ ಇಂಥದೇ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟಿತು. ದೊಡ್ಡವರ ಮಾತು ಹಾಗಿರಲಿ, ನಮ್ಮ ಹನ್ನೆರಡು ಜನರ ತಂಡಕ್ಕೆ ಅದನ್ನು ಅನ್ವಯಿಸಿ ನೋಡಿ. ಇಡೀ ಕಂಪನಿಯಲ್ಲಿ ನಿಜವಾಗಿಯೂ ಹತ್ತಕ್ಕೆ ಒಬ್ಬರ ಕೆಲಸ ಕಳಪೆ ಎಂದೇ ಇಟ್ಟುಕೊಳ್ಳೋಣ, ಅವರು ವಿಭಾಗಗಳಲ್ಲಿ ಹೇಗೆ ಬೇಕೋ ಹಾಗೆ ಹರಡಿದ್ದಾರೆ ಎನ್ನೋಣ. ಆಗ ಹನ್ನೆರಡು ಜನರ ಒಂದು ತಂಡದಲ್ಲಿ ಅಂಥವರು ಒಬ್ಬರೂ ಇಲ್ಲದಿರುವ ಸಾಧ್ಯತೆ ನೂರಕ್ಕೆ ಸುಮಾರು 28. ಕ್ವಾಲಿಟಿಯ ಎಂಟು ಜನರ ತಂಡದಲ್ಲಿ ನೂರಕ್ಕೆ 43. ಅಷ್ಟು ತಂಡಗಳಲ್ಲಿ ನೀವು ಸುಮ್ಮನೆ ಒಬ್ಬರನ್ನು ಹಿಡಿದು ಕೆಳಗೆ ತಳ್ಳಬೇಕಾಗುತ್ತದೆ. ಯಾರನ್ನು ತಳ್ಳುತ್ತಾರೆ ಎಂಬುದೂ ನಿಮಗೆ ಗೊತ್ತು. ಹೊಸದಾಗಿ ಸೇರಿದವರನ್ನು, ಇಲ್ಲವೇ ಬಿಟ್ಟು ಹೋಗಲಿದ್ದಾರೆ ಎಂಬ ಗುಮಾನಿ ಇರುವವರನ್ನು.

ಹಾಗಾದರೆ ಆ ಘಟಕದಲ್ಲಿ ಸಭೆ ಹೇಗೆ ನಡೆಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾನು ಅದನ್ನು ನಡೆಸಿಕೊಡಲು ಹೋಗಿದ್ದೆ.

ಸಭೆಗೆ ಒಂದು ವಾರ ಮೊದಲೇ ಮ್ಯಾನೇಜರುಗಳಿಂದ ಒಬ್ಬೊಬ್ಬ ನೌಕರನ ಬಗ್ಗೆ ನಾಲ್ಕೈದು ಸಾಲು ಬರೆಸಿಕೊಂಡಿದ್ದೆವು. ಒಂದೇ ಷರತ್ತು: ಗುಣವಾಚಕ ಬರೆದರೆ ಪಕ್ಕದಲ್ಲಿ ಒಂದು ಘಟನೆ ಇರಬೇಕು. ‘ಜವಾಬ್ದಾರಿಯುತ’ ಎಂದು ಬರೆದಿದ್ದರೆ, ಯಾವ ತಿಂಗಳು, ಯಾವ ಯಂತ್ರ, ಏನು ಮಾಡಿದರು? ಬಂದ ಟಿಪ್ಪಣಿಗಳನ್ನು ಓದಿದಾಗಲೇ ಅರ್ಧ ಸಮಸ್ಯೆ ಕಾಣಿಸಿತು. ಹೆಚ್ಚಿನ ಘಟನೆಗಳು ಜನವರಿಯಿಂದ ಮಾರ್ಚ್‌ವರೆಗಿನವು. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಕಾರ್ಖಾನೆ ಮುಚ್ಚಿತ್ತೇನೋ ಎನ್ನುವಂತಿತ್ತು! ಟಿಪ್ಪಣಿಗಳನ್ನು ವಾಪಸ್ ಕಳಿಸಿ, ಪಾಳಿ ಪುಸ್ತಕ ನೋಡಿ ತುಂಬಿಸಿ ಎಂದು ಕೇಳಬೇಕಾಯಿತು.

ಸಭೆಯ ಮೊದಲ ಅರ್ಧ ಗಂಟೆ ಯಾವ ನೌಕರನ ಹೆಸರನ್ನೂ ಎತ್ತಲಿಲ್ಲ. ಒಬ್ಬ ಕಾಲ್ಪನಿಕ ಮೇಲ್ವಿಚಾರಕನ ವರ್ಷದ ಕೆಲಸವನ್ನು ಅರ್ಧ ಪುಟದಲ್ಲಿ ಬರೆದು ಮೂವರಿಗೂ ಕೊಟ್ಟೆವು. ಉತ್ಪಾದನೆಯ ಗುರಿ ಮುಟ್ಟಿದ್ದಾನೆ, ಗೈರುಹಾಜರಿ ಇಲ್ಲ, ಎರಡು ದೊಡ್ಡ ರಿಜೆಕ್ಷನ್ ಆದಾಗ ಕಾರಣ ಹುಡುಕಿ ಸರಿಪಡಿಸಿದ್ದಾನೆ, ತನ್ನ ಕೈಕೆಳಗಿನ ಹುಡುಗರಿಗೆ ಕೆಲಸ ಕಲಿಸಿಲ್ಲ. ಎಷ್ಟು ಕೊಡುತ್ತೀರಿ ಎಂದು ಚೀಟಿಯಲ್ಲಿ ಬರೆಯಲು ಹೇಳಿದೆವು. ಪ್ರೆಸ್ ಶಾಪಿನವರು ಐದು, ಕ್ವಾಲಿಟಿಯವರು ನಾಲ್ಕು, ಮೇಂಟೆನೆನ್ಸಿನವರು ಮೂರು ಬರೆದರು. ಒಂದೇ ಮನುಷ್ಯ, ಒಂದೇ ಅರ್ಧ ಪುಟ!

ಏಕೆ ಎಂದು ಕೇಳಿದಾಗ ವ್ಯತ್ಯಾಸದ ಬೇರು ಸಿಕ್ಕಿತು. ಪ್ರೆಸ್ ಶಾಪಿನವರ ಪ್ರಕಾರ ಗುರಿ ಮುಟ್ಟುವುದೇ ದೊಡ್ಡದು, ಏಕೆಂದರೆ ಅವರ ವಿಭಾಗದಲ್ಲಿ ಜನ ನಿಲ್ಲುವುದೇ ಇಲ್ಲ, ನಿಂತವರು ಅವರಿಗೆ ಬಂಗಾರ. ಮೇಂಟೆನೆನ್ಸಿನವರ ಪ್ರಕಾರ ಗುರಿ ಮುಟ್ಟುವುದು ಸಂಬಳ ಕೊಡುತ್ತಿರುವುದಕ್ಕೆ, ಅದಕ್ಕೆ ಮೂರು ಸಾಕು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರ ನೌಕರರಿಗೂ ಇನ್‌ಕ್ರಿಮೆಂಟ್ ಬರುವುದು ಒಂದೇ ಕೋಷ್ಟಕದಿಂದ. ಕೊನೆಗೆ ಮೂವರೂ ಒಪ್ಪಿದ್ದು ಇಷ್ಟು: ಒಪ್ಪಿಸಿದ ಕೆಲಸವನ್ನು ವರ್ಷಪೂರ್ತಿ ಸರಿಯಾಗಿ ಮಾಡಿದರೆ ಮೂರು, ಅದು ಅವಮಾನದ ಅಂಕವಲ್ಲ. ತನ್ನ ಕೆಲಸದ ಜೊತೆಗೆ ಬರುತ್ತಲೇ ಇದ್ದ ಒಂದು ತೊಂದರೆಯನ್ನು ಬೇರಿನಿಂದ ಸರಿಪಡಿಸಿದರೆ ನಾಲ್ಕು. ಆ ಪರಿಹಾರ ತನ್ನ ಪಾಳಿ ಅಥವಾ ವಿಭಾಗವನ್ನು ದಾಟಿ ಬೇರೆಯವರೂ ಬಳಸುವಂತಾಗಿದ್ದರೆ ಐದು. ಇದನ್ನು ಬೋರ್ಡಿನ ಮೇಲೆ ಬರೆದು ಹಾಗೆಯೇ ಬಿಟ್ಟೆವು.

ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದ ಮೇಷ್ಟರುಗಳು ನಿಮ್ಮ ಮನೆಗಳಲ್ಲೂ ಇರಬಹುದು, ಕೇಳಿ ನೋಡಿ. ಮೊದಲು ಮಾದರಿ ಉತ್ತರವನ್ನು ಮುಂದಿಟ್ಟುಕೊಂಡು ಯಾವ ಹಂತಕ್ಕೆ ಎಷ್ಟು ಅಂಕ ಎಂದು ಮಾತಾಡಿಕೊಂಡ ಮೇಲೆಯೇ ಉತ್ತರ ಪತ್ರಿಕೆಗೆ ಕೈ ಹಾಕುತ್ತಾರೆ. ನಾವು ಮಾತ್ರ ಎಲ್ಲ ಪತ್ರಿಕೆಗಳನ್ನೂ ತಿದ್ದಿ ಮುಗಿಸಿ ಆಮೇಲೆ ಮಾತಿಗೆ ಕೂರುತ್ತೇವೆ. ನನ್ನ ಕೈಲಿದ್ದರೆ ಈ ಅರ್ಧ ಗಂಟೆಯನ್ನು ವರ್ಷದ ಆರಂಭದಲ್ಲೇ ಇಡಿಸುತ್ತಿದ್ದೆ.

ಆಮೇಲೆ ಹೆಸರುಗಳು. ಮೂವತ್ತು ಜನರನ್ನೂ ಚರ್ಚಿಸಲು ಹೊರಟರೆ ಮೊದಲ ಹತ್ತು ಜನರಿಗೆ ಎರಡು ಗಂಟೆ ಹಿಡಿಯುತ್ತದೆ, ಕೊನೆಯ ಹತ್ತು ಜನರ ಹಣೆಬರಹ ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. ಆದ್ದರಿಂದ ಎಲ್ಲ ಐದುಗಳು, ಎಲ್ಲ ಎರಡುಗಳು, ಮತ್ತು ಮೂರು ನಾಲ್ಕರ ನಡುವೆ ತೂಗಾಡುತ್ತಿದ್ದವರು ಇಷ್ಟನ್ನೇ ತೆಗೆದುಕೊಂಡೆವು. ಎರಡುಗಳನ್ನೂ ಐದುಗಳಷ್ಟೇ ಗಂಭೀರವಾಗಿ ಕೇಳಬೇಕು. ಹೆಚ್ಚಿನ ಸಭೆಗಳಲ್ಲಿ ‘ಇವನಿಗೆ ಇಷ್ಟು ಜಾಸ್ತಿ ಏಕೆ’ ಎಂಬ ಪ್ರಶ್ನೆ ಬರುತ್ತದೆ, ‘ಇವನಿಗೆ ಇಷ್ಟು ಕಡಿಮೆ ಏಕೆ’ ಎಂದು ಕೇಳುವವರು ಇರುವುದಿಲ್ಲ.

ಪ್ರೆಸ್ ಶಾಪಿನ ಒಬ್ಬ ಮೇಲ್ವಿಚಾರಕರು. ಅಂಕ ಐದು. ಆಧಾರ: ಅವರ ಲೈನಿನಲ್ಲಿ ಡೈ ಬದಲಿಸುವ ಸಮಯ 50 ನಿಮಿಷದಿಂದ 35ಕ್ಕೆ ಇಳಿದಿದೆ. ಕೇಳಲು ಚೆನ್ನಾಗಿದೆ. ಕ್ವಾಲಿಟಿಯವರು ಒಂದೇ ಪ್ರಶ್ನೆ ಕೇಳಿದರು: ‘ಉಳಿದ ಲೈನುಗಳಲ್ಲಿ ಎಷ್ಟಾಗಿದೆ?’ ದಾಖಲೆ ತೆಗೆಸಿ ನೋಡಿದರೆ ಎಲ್ಲ ಲೈನುಗಳಲ್ಲೂ ಹೆಚ್ಚು ಕಡಿಮೆ ಅಷ್ಟೇ ಇಳಿದಿತ್ತು. ಟೂಲ್ ರೂಮಿನವರು ಹೊಸ ಕ್ಲಾಂಪ್ ಮಾಡಿಕೊಟ್ಟಿದ್ದರು, ಅದರ ಫಲ ಎಲ್ಲರಿಗೂ ಸಿಕ್ಕಿತ್ತು. ಮೇಲ್ವಿಚಾರಕರು ಅದನ್ನು ತಮ್ಮ ಹುಡುಗರಿಗೆ ಬೇಗ ರೂಢಿ ಮಾಡಿಸಿದ್ದು ನಿಜ, ಮೊದಲು ಸುಳುವಾಗಿ ಕಳಚಿಕೊಳ್ಳುತ್ತಿದ್ದ ಒಂದು ಡೈಯ ತೊಂದರೆಯನ್ನು ನಿಲ್ಲಿಸಿದ್ದೂ ನಿಜ. ಅದು ನಾಲ್ಕು. ಅದೇ ವಿಭಾಗದ ಇನ್ನೊಬ್ಬರು ಐದರಲ್ಲೇ ಉಳಿದರು. ಅವರು ಸ್ಕ್ರ್ಯಾಪ್ ಕಡಿಮೆ ಮಾಡಲು ಶೀಟ್ ಕತ್ತರಿಸುವ ಕ್ರಮವನ್ನೇ ಬದಲಿಸಿದ್ದರು, ಅದನ್ನು ಬೇರೆ ಪಾಳಿಗಳೂ ಅಳವಡಿಸಿಕೊಂಡಿದ್ದವು. ಯಾರೂ ಎರಡನೇ ಮಾತಾಡಲಿಲ್ಲ.

ಇನ್ನು ಮೇಂಟೆನೆನ್ಸಿನ ಒಬ್ಬ ಎಂಜಿನಿಯರ್. ಅಂಕ ಎರಡು. ಆಧಾರ: ಇಡೀ ಘಟಕದಲ್ಲಿ ಅತಿ ಹೆಚ್ಚು ಬ್ರೇಕ್‌ಡೌನ್ ಗಂಟೆಗಳು ಅವರ ಯಂತ್ರಗಳದ್ದು. ಇಲ್ಲೂ ಸಂಖ್ಯೆ ಸರಿಯಾಗಿತ್ತು. ಆದರೆ ಅವರ ಪಾಲಿಗೆ ಬಂದದ್ದು ಘಟಕದ ಅತಿ ಹಳೆಯ ಎರಡು ಪ್ರೆಸ್‌ಗಳು. ಅವನ್ನು ಹೊಸ ಯಂತ್ರಗಳ ಜೊತೆ ಹೋಲಿಸಿ ಏನು ಪ್ರಯೋಜನ? ಅದೇ ಪ್ರೆಸ್‌ಗಳ ಹಿಂದಿನ ವರ್ಷದ ಪುಸ್ತಕ ತರಿಸಿದೆವು. ಹಿಂದಿನ ವರ್ಷ 90 ಗಂಟೆ ನಿಂತಿದ್ದವು, ಈ ವರ್ಷ 60. ಮ್ಯಾನೇಜರ್ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಬೆರಳಿಟ್ಟು ತಿಂಗಳು ತಿಂಗಳಾಗಿ ಕೂಡಿಸಿ ನೋಡಿದರು. ಹೈಡ್ರಾಲಿಕ್ ಸೋರಿಕೆ ಎಂದು ಪ್ರತಿ ತಿಂಗಳೂ ಕಾಣುತ್ತಿದ್ದ ನಮೂದು ಸೆಪ್ಟೆಂಬರ್ ನಂತರ ಇರಲೇ ಇಲ್ಲ. ಬೋರ್ಡಿನ ಮೇಲಿನ ಮಾತಿನ ಪ್ರಕಾರ ಇದು ನಾಲ್ಕು. ‘ಇದನ್ನು ಅವನು ನನಗೆ ಹೇಳಲೇ ಇಲ್ಲವಲ್ಲ’ ಎಂದರು ಮ್ಯಾನೇಜರ್.

ಆ ಮಾತು ನಮ್ಮ ಜಿಲ್ಲೆಯವರು ಕೇಳಿಸಿಕೊಳ್ಳಬೇಕಾದದ್ದು. ಇಲ್ಲಿ ಯಂತ್ರದ ಪಕ್ಕದ ಮಾತು ಕನ್ನಡ, ತೆಲುಗು, ಒಂದಿಷ್ಟು ತಮಿಳು. ವರದಿ ಹೋಗುವುದು ಇಂಗ್ಲಿಷಿನಲ್ಲಿ. ಚೆಂದದ ಮೇಲ್ ಬರೆಯುವವನ ಸಣ್ಣ ಕೆಲಸವೂ ಬೆಂಗಳೂರಿನ ಕಚೇರಿಯವರೆಗೆ ತಲುಪುತ್ತದೆ, ರಾತ್ರಿ ಪಾಳಿಯಲ್ಲಿ ಸೋರಿಕೆ ನಿಲ್ಲಿಸಿದವನ ಕೆಲಸ ಪುಸ್ತಕದ ಒಂದು ಸಾಲಾಗಿ ಉಳಿಯುತ್ತದೆ. ಸಭೆಯಲ್ಲಿ ಹೆಸರು ಎತ್ತಿದ ಕೂಡಲೇ ‘ಯಾರು ಅವರು’ ಎಂದು ಕೇಳುವಂತಾದವರಿಗೆ ತಾನಾಗಿಯೇ ಮೂರು ಬೀಳುತ್ತದೆ. ಅವರನ್ನು ಕಂಡವರು ಕೋಣೆಯಲ್ಲಿ ಇಲ್ಲ, ಅಷ್ಟೇ. ರಾತ್ರಿ ಪಾಳಿಯವರ ಬಗ್ಗೆ ಮಾತಾಡುವಾಗ ಪಾಳಿಯ ಮುಖ್ಯಸ್ಥರನ್ನು ಹತ್ತು ನಿಮಿಷ ಕರೆಸಿಕೊಳ್ಳಿ.

ಕ್ವಾಲಿಟಿಯಲ್ಲಿದ್ದ ಒಂದೇ ಒಂದು ಎರಡು, ಹೆರಿಗೆ ರಜೆ ಮುಗಿಸಿ ಬಂದ ಎಂಜಿನಿಯರ್ ಒಬ್ಬರದ್ದು. ವರ್ಷದ ಗುರಿಯಲ್ಲಿ ಅರ್ಧ ಮಾತ್ರ ಮುಗಿದಿದೆ ಎಂಬುದು ಕಾರಣ. 26 ವಾರಗಳ ರಜೆ ಕಾನೂನು ಕೊಟ್ಟ ಹಕ್ಕು, ಆ ಅವಧಿಯ ಗುರಿಯನ್ನು ಲೆಕ್ಕಕ್ಕೆ ಹಿಡಿಯುವಂತೆಯೇ ಇಲ್ಲ. ಇದ್ದ ಅರ್ಧ ವರ್ಷದಲ್ಲಿ ಒಪ್ಪಿಸಿದ್ದನ್ನೆಲ್ಲ ಮುಗಿಸಿದ್ದರು. ಮೂರಾಯಿತು. ಇದಕ್ಕೆ ಹೆಚ್ಚು ಚರ್ಚೆ ಬೇಕಾಗಲಿಲ್ಲ, ಬೇಕಾಗಲೂಬಾರದು.

ಕೊನೆಯಲ್ಲಿ ಲೆಕ್ಕ ಹೀಗೆ ನಿಂತಿತು. ಪ್ರೆಸ್ ಶಾಪಿನಲ್ಲಿ ಇಬ್ಬರಿಗೆ ಐದು, ಐವರಿಗೆ ನಾಲ್ಕು, ಐವರಿಗೆ ಮೂರು, ಸರಾಸರಿ 4.25 ಇದ್ದದ್ದು 3.75 ಆಯಿತು. ಮೇಂಟೆನೆನ್ಸಿನಲ್ಲಿ ಮೂವರಿಗೆ ನಾಲ್ಕು, ಆರು ಜನರಿಗೆ ಮೂರು, ಒಬ್ಬರಿಗೆ ಎರಡು, 2.9 ಇದ್ದದ್ದು 3.2 ಆಯಿತು. ಕ್ವಾಲಿಟಿ 3.6ರ ಹತ್ತಿರ. ಗಮನಿಸಿ, ಮೂರೂ ಸಮವಾಗಲಿಲ್ಲ. ಪ್ರೆಸ್ ಶಾಪು ಈಗಲೂ ಮೇಲೆಯೇ ಇದೆ. ಆ ತಂಡ ಸ್ವಲ್ಪ ಮಟ್ಟಿಗೆ ನಿಜವಾಗಿಯೂ ಚೆನ್ನಾಗಿಯೇ ಕೆಲಸ ಮಾಡಿತ್ತು. ಮೇಂಟೆನೆನ್ಸಿನ ಒಂದು ಎರಡು ಹಾಗೆಯೇ ಉಳಿಯಿತು, ಅದಕ್ಕೂ ಆಧಾರವಿತ್ತು. ಸಭೆ ಮುಗಿದಾಗ ಎಲ್ಲ ವಿಭಾಗಗಳ ಸರಾಸರಿಯೂ ಒಂದೇ ಆಗಿದ್ದರೆ ನನಗೆ ಅನುಮಾನ ಬರುತ್ತದೆ. ಅಲ್ಲಿ ಯಾರೋ ಕೆಲಸ ನೋಡುವುದನ್ನು ಬಿಟ್ಟು ಕ್ಯಾಲ್ಕುಲೇಟರ್ ನೋಡಿದ್ದಾರೆ ಎಂದರ್ಥ.

ಸಭೆ ಕೆಡುವುದು ಹೇಗೆ ಎಂಬುದನ್ನೂ ಹೇಳಬೇಕು. ಮೊದಲನೆಯದು, ದೊಡ್ಡವರು ಮೊದಲು ಬಾಯಿ ತೆರೆಯುವುದು. ಪ್ಲಾಂಟ್ ಹೆಡ್ ‘ಆ ಹುಡುಗ ಒಳ್ಳೆಯವನಪ್ಪಾ’ ಎಂದರೆ ಮುಗಿಯಿತು, ಆಮೇಲೆ ಬರುವ ಮಾತುಗಳೆಲ್ಲ ಅದಕ್ಕೆ ತಾಳ. ಅವರು ಕೊನೆಯಲ್ಲಿ ಮಾತಾಡಬೇಕು, ಉಳಿದವರು ಅಂಕವನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟಿರಬೇಕು. ಇನ್ನೊಂದು ಕೊಡುಕೊಳ್ಳುವಿಕೆ. ನನ್ನ ಇಬ್ಬರನ್ನು ಮುಟ್ಟಬೇಡಿ, ನಿಮ್ಮ ಮೂವರ ತಂಟೆಗೆ ನಾನು ಬರುವುದಿಲ್ಲ ಎಂಬ ಒಪ್ಪಂದ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಒಂದು ಗಂಟೆಯಿಂದ ಒಬ್ಬರೂ ಮತ್ತೊಬ್ಬರ ಹೆಸರಿನ ಬಗ್ಗೆ ಪ್ರಶ್ನೆ ಕೇಳದೆ ಕುಳಿತಿದ್ದರೆ ಒಪ್ಪಂದ ಆಗಿದೆ ಎಂದು ತಿಳಿಯಿರಿ.

ಎಲ್ಲಕ್ಕಿಂತ ಕೆಟ್ಟದ್ದು ಮರುವರ್ಷ ಕಾಣಿಸಿಕೊಳ್ಳುತ್ತದೆ. ನಾಲ್ಕು ಕೊಟ್ಟರೆ ಮೂರಕ್ಕೆ ಇಳಿಸುತ್ತಾರೆ ಎಂದು ಗೊತ್ತಾದ ಮ್ಯಾನೇಜರ್ ಮುಂದಿನ ಸಲ ಐದು ಕೊಟ್ಟುಕೊಂಡೇ ಬರುತ್ತಾರೆ. ಸಭೆ ಇನ್ನಷ್ಟು ಕತ್ತರಿಸುತ್ತದೆ. ಹೀಗೆ ಉಬ್ಬರ ಇಳಿಸಲು ಹುಟ್ಟಿದ ಸಭೆಯೇ ಉಬ್ಬರಕ್ಕೆ ಕಾರಣವಾಗುತ್ತದೆ. ಇದನ್ನು ಪತ್ತೆ ಮಾಡಲು ಎಚ್‌ಆರ್‌ನವರು ಒಂದು ಹಾಳೆ ಇಟ್ಟರೆ ಸಾಕು: ಸಭೆಗೆ ಮುಂಚಿನ ಅಂಕ, ಸಭೆಯ ನಂತರದ ಅಂಕ, ಬದಲಾಗಿದ್ದರೆ ಒಂದು ಸಾಲಿನ ಕಾರಣ. ಮೂರು ವಿಷಯ ನೋಡಿ. ಬದಲಾವಣೆಗಳೆಲ್ಲ ಕೆಳಮುಖವೇ ಆಗಿದ್ದರೆ, ಅದು ಹಣ ಉಳಿಸುವ ಸಭೆ. ಹಾಗೆಂದೇ ಹೇಳಿಬಿಡುವುದು ಮೇಲು. ಮಾತು ಕಡಿಮೆಯಾಡುವ ಮ್ಯಾನೇಜರರ ಜನರೇ ಹೆಚ್ಚು ಇಳಿದಿದ್ದರೆ, ಅಲ್ಲಿ ತೂಗಿದ್ದು ನಾಲಿಗೆಯನ್ನು. ವರ್ಷದಿಂದ ವರ್ಷಕ್ಕೆ ಬದಲಾವಣೆಗಳ ಸಂಖ್ಯೆ ಇಳಿಯುತ್ತಿದ್ದರೆ, ಮತ್ತು ಕಾರಣಗಳು ಘಟನೆಗಳಾಗಿಯೇ ಉಳಿದಿದ್ದರೆ, ಮ್ಯಾನೇಜರುಗಳು ಒಂದೇ ಅಳತೆ ಹಿಡಿಯಲು ಕಲಿಯುತ್ತಿದ್ದಾರೆ.

ಸಭಿಕರಲ್ಲಿ ಸರ್ಕಾರಿ ಇಲಾಖೆಯವರೂ ಇದ್ದೀರಿ, ನಿಮಗಾಗಿ ಒಂದು ಮಾತು. 2008ರಲ್ಲಿ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಇಂಥದೇ ಅಂಕದ ಜಗಳ. ಗಡಿ ರಸ್ತೆ ಸೇವೆಯ ಎಂಜಿನಿಯರ್ ಒಬ್ಬರಿಗೆ ಒಂದು ವರ್ಷ ‘ಉತ್ತಮ’ ಎಂದು ಬರೆದಿದ್ದರು. ಬಡ್ತಿಗೆ ‘ಅತ್ಯುತ್ತಮ’ ಬೇಕಿತ್ತು. ಉತ್ತಮ ಎಂಬುದು ಕೆಟ್ಟ ಮಾತಲ್ಲವೆಂದು ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. ಬಡ್ತಿ ತಪ್ಪಿಸುವ ಉತ್ತಮ ಪ್ರತಿಕೂಲವೇ ಆಗುತ್ತದೆ, ಯಾವ ನಮೂದಾದರೂ ನೌಕರನಿಗೆ ತಿಳಿಸಬೇಕು ಎಂದು ನ್ಯಾಯಾಲಯ ಹೇಳಿತು. ಆ ತೀರ್ಪು ಸರ್ಕಾರಿ ನೌಕರರಿಗೆ ಸಂಬಂಧಿಸಿದ್ದು. ಆದರೆ ಖಾಸಗಿ ಕಾರ್ಖಾನೆಯಲ್ಲಿ ಮೂರು ಪಡೆದವನ ಪ್ರಶ್ನೆಯೂ ಅದೇ ತಾನೆ?

ಅವನಿಗೆ ಉತ್ತರ ಹೇಳುವ ಸರದಿ ಬಂದಾಗ ಬಹಳಷ್ಟು ಮ್ಯಾನೇಜರುಗಳು ಜಾರಿಕೊಳ್ಳುತ್ತಾರೆ. ‘ನಾನು ನಿನಗೆ ಐದೇ ಕೊಟ್ಟಿದ್ದೆ, ಮೇಲಿನವರು ಇಳಿಸಿಬಿಟ್ಟರು.’ ಈ ಒಂದು ವಾಕ್ಯ ಮೂರು ಗಂಟೆಯ ಸಭೆಯನ್ನು ನೀರಿಗೆ ಹಾಕುತ್ತದೆ. ನಮ್ಮ ಪ್ರೆಸ್ ಶಾಪಿನ ಮ್ಯಾನೇಜರ್ ಡೈ ಬದಲಾವಣೆಯ ಮೇಲ್ವಿಚಾರಕರನ್ನು ಕರೆದು ಹೇಳಿದ್ದು ಹೀಗೆ: ‘ಈ ವರ್ಷ ನಿಮ್ಮ ಅಂಕ ನಾಲ್ಕು. ಸಮಯ ಇಳಿದದ್ದಕ್ಕೆ ಮುಖ್ಯ ಕಾರಣ ಟೂಲ್ ರೂಮಿನ ಕ್ಲಾಂಪ್, ಅದು ಎಲ್ಲ ಲೈನಿಗೂ ಬಂತು. ನಿಮ್ಮದೇ ಕೆಲಸ ಎಂದು ನಾನು ಎಣಿಸಿದ್ದು ಡೈ ಕಳಚುವುದನ್ನು ನಿಲ್ಲಿಸಿದ್ದು. ಅದನ್ನು ಉಳಿದ ಲೈನುಗಳಿಗೆ ನೀವೇ ಕಲಿಸಿಕೊಟ್ಟರೆ ಮುಂದಿನ ವರ್ಷ ಐದರ ಮಾತು ಬರುತ್ತದೆ.’ ಮೇಲ್ವಿಚಾರಕರು ‘ಆಗಲಿ ಸರ್, ಆದರೆ ಕ್ಲಾಂಪಿನ ಅಳತೆ ಹೇಳಿದ್ದು ನಾನೇ’ ಎಂದರಂತೆ. ಮ್ಯಾನೇಜರ್ ಟೂಲ್ ರೂಮಿನಲ್ಲಿ ವಿಚಾರಿಸಿದರು. ಒಂದು ಅಳತೆ ಹೇಳಿದ್ದು ಹೌದು, ವಿನ್ಯಾಸ ಅವರದಲ್ಲ. ಅಂಕ ಬದಲಾಗಲಿಲ್ಲ. ಆ ಸಾಲು ಮಾತ್ರ ದಾಖಲೆಗೆ ಸೇರಿತು.

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿಯೇ ಸೇರಿಸುತ್ತೇನೆ: ‘ನಮ್ಮದು ನಲವತ್ತು ಜನರ ಘಟಕ, ಮಾಲೀಕರು ಮತ್ತು ಇಬ್ಬರು ಮ್ಯಾನೇಜರುಗಳು. ನಮಗೆ ಇದೆಲ್ಲ ಬೇಕೇ?’ ಪೂರ್ತಿ ಸಭೆ ಬೇಡ. ಇಬ್ಬರೂ ತಮ್ಮ ಅಂಕಗಳನ್ನು ಬರೆದು, ಹಾಳೆಗಳನ್ನು ಅದಲುಬದಲು ಮಾಡಿಕೊಳ್ಳಿ. ಒಬ್ಬರ ಐದು ಮತ್ತು ಎರಡುಗಳ ಆಧಾರವನ್ನು ಇನ್ನೊಬ್ಬರು ಓದಿ, ಅರ್ಥವಾಗದ ಕಡೆ ಪೆನ್ಸಿಲಿನಿಂದ ಗುರುತು ಹಾಕಲಿ. ಗುರುತು ಬಿದ್ದ ಹೆಸರುಗಳನ್ನು ಮಾತ್ರ ಮಾಲೀಕರ ಮುಂದೆ ಚರ್ಚಿಸಿ. ಇನ್‌ಕ್ರಿಮೆಂಟ್ ಎಷ್ಟು ಎಂಬ ಹಾಳೆಯನ್ನು ಆ ದಿನ ಮೇಜಿನ ಮೇಲೆ ಇಡಬೇಡಿ, ಅದಕ್ಕೆ ಇನ್ನೊಂದು ದಿನ ಗೊತ್ತು ಮಾಡಿಕೊಳ್ಳಿ.